ವಿಟಮಿನ್ ಡಿ ಕುಡಿಸಿದರೂ ನೆಟ್ಟಗಾಗದ ಕಾಲು: ರಿಕೆಟ್ಸ್ ವರದಿಯಲ್ಲಿ ದೋಷ ಹುಡುಕುವ ಕ್ರಮ

ತೊಂದರೆ ಸಾಮಾನ್ಯವಾಗಿ ಹೀಗೆ ಎದುರಾಗುತ್ತದೆ. ಎರಡು ಮೂರು ವರ್ಷದ ಮಗು, ನಿಂತರೆ ಮಂಡಿಗಳು ಒಂದಕ್ಕೊಂದು ತಾಗುವುದಿಲ್ಲ, ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿವೆ. ಎಕ್ಸ್-ರೇ ನೋಡಿದವರು ರಿಕೆಟ್ಸ್ ಎಂದು ಸರಿಯಾಗಿಯೇ ಹೇಳಿದ್ದಾರೆ. ವಿಟಮಿನ್ ಡಿ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಸಿಯೂ ಆಗಿದೆ. ಮೂರು ತಿಂಗಳ ಮೇಲೆ ನೋಡಿದರೆ ಅದೇ ಕಾಲು, ಅದೇ ಚಿತ್ರ. ಆಗ ಹೆಚ್ಚಿನ ಕಡೆ ಚೀಟಿಯಲ್ಲಿ ಬರೆಯುವುದು ವಿಟಮಿನ್ ಡಿಯ ಇನ್ನೊಂದು ಸುತ್ತು. ಮಂಡ್ಯ, ಮೈಸೂರು ಸುತ್ತಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡುವ ಕಿರಿಯ ವೈದ್ಯರು ಆ ಎರಡನೇ ಸುತ್ತನ್ನು ಬರೆಯುವ ಮೊದಲು ಏನೇನು ನೋಡಬೇಕು ಎಂಬುದನ್ನು ಒಂದು ಮಗುವಿನ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಮಳವಳ್ಳಿ ಕಡೆಯವನು. ಮೂರು ವರ್ಷ, ತೂಕ 12 ಕಿಲೋ, ಎತ್ತರ 86 ಸೆಂ.ಮೀ. ವಯಸ್ಸಿಗೆ ತೂಕ ಸ್ವಲ್ಪ ಕಡಿಮೆ, ಎತ್ತರ ಬಹಳ ಕಡಿಮೆ. ಒಂದೂವರೆ ವರ್ಷಕ್ಕೆ ನಡೆಯಲು ಶುರುಮಾಡಿದ ಮೇಲೆ ಕಾಲು ಬಾಗುತ್ತಾ ಬಂದಿದೆ. ಮೊದಲು ತೋರಿಸಿದ ಕಡೆ ವಿಟಮಿನ್ ಡಿ ಮಟ್ಟ 16 ನ್ಯಾನೋಗ್ರಾಂ ಎಂದು ಬಂದಿತ್ತು. ವಾರಕ್ಕೊಂದು 60,000 ಯೂನಿಟ್ ಪುಡಿಯಂತೆ ಆರು ವಾರ ಕೊಟ್ಟರು. ಕಾಲು ಹಾಗೇ ಇದೆಯೆಂದು ಇನ್ನೊಂದು ಆರು ವಾರ ಅದನ್ನೇ ಕೊಟ್ಟರು. ನಮ್ಮಲ್ಲಿಗೆ ಬಂದಾಗ ವಿಟಮಿನ್ ಡಿ 58 ಆಗಿತ್ತು, ಎಂದರೆ ಹೊಟ್ಟೆ ತುಂಬಿದ ಮಟ್ಟ. ಮಗುವಿನ ಅಜ್ಜಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: "ದಿನಾ ಬಿಸ್ಲಲ್ಲೇ ಆಡ್ತನೆ, ರಾಗಿ ಅಂಬ್ಲಿ ಕುಡಿತನೆ. ಆದ್ರೂ ಮೂಳೆ ಯಾಕೆ ಹಿಂಗಾಯ್ತು ಕಣವ್ವ?"

ಆ 16 ಎಂಬ ಅಂಕಿಯೇ ಎಲ್ಲರನ್ನೂ ದಾರಿ ತಪ್ಪಿಸಿತ್ತು. ಆಹಾರದ ಕೊರತೆಯಿಂದ ಬರುವ ರಿಕೆಟ್ಸ್‌ನಲ್ಲಿ ಈ ಮಟ್ಟ ಸಾಮಾನ್ಯವಾಗಿ 12ಕ್ಕಿಂತ ಕೆಳಗಿರುತ್ತದೆ, ಎಷ್ಟೋ ಬಾರಿ ಐದಾರಕ್ಕೆ ಇಳಿದಿರುತ್ತದೆ. ನಮ್ಮ ಕಡೆ ಆರೋಗ್ಯವಾಗಿರುವ ಮಕ್ಕಳಲ್ಲೂ 16 ಸಿಗುತ್ತದೆ. ಕೊರತೆಯೊಂದು ಕಂಡಿತು ಎಂದಮಾತ್ರಕ್ಕೆ ಕಾಲು ಬಾಗಿದ್ದಕ್ಕೆ ಅದೇ ಕಾರಣ ಎಂದಾಗುವುದಿಲ್ಲ.

ಮೊದಲು ವರದಿಯನ್ನೇ ಪರೀಕ್ಷಿಸಿ

ಹುಡುಗನ ಹಳೆಯ ವರದಿಯಲ್ಲಿ ಕ್ಯಾಲ್ಸಿಯಂ 9.4, ಫಾಸ್ಫೇಟ್ 2.6, ಆಲ್ಕಲೈನ್ ಫಾಸ್ಫಟೇಸ್ 1,020 ಇತ್ತು. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎದುರು ಯಾವ ಗುರುತೂ ಇರಲಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಒಂದಕ್ಕೆ ಮಾತ್ರ ದಪ್ಪ ಅಕ್ಷರದ ಗುರುತು ಬಿದ್ದಿತ್ತು.

ಫಾಸ್ಫೇಟ್ ಪಕ್ಕದಲ್ಲಿ ಅಚ್ಚಾಗಿದ್ದ ಸಹಜ ಮಿತಿ 2.5ರಿಂದ 4.5. ಅದು ದೊಡ್ಡವರ ಮಿತಿ. ಬೆಳೆಯುವ ಮಗುವಿನ ರಕ್ತದಲ್ಲಿ ಫಾಸ್ಫೇಟ್ ಹೆಚ್ಚಿರಬೇಕು. ಒಂದರಿಂದ ಮೂರು ವರ್ಷದೊಳಗೆ ಅದು ಸುಮಾರು 4ರಿಂದ 6.5 ಮಿ.ಗ್ರಾಂ ಇರುತ್ತದೆ. ಆದ್ದರಿಂದ ಈ ಹುಡುಗನ 2.6 ಸಹಜವಲ್ಲ, ತೀರಾ ಕಡಿಮೆ. ಆಲ್ಕಲೈನ್ ಫಾಸ್ಫಟೇಸ್ ವಿಷಯದಲ್ಲಿ ಇದೇ ತಪ್ಪು ತಿರುಗುಮುರುಗಾಗಿ ನಡೆಯುತ್ತದೆ. ದೊಡ್ಡವರಲ್ಲಿ ಅದರ ಮೇಲ್ಮಿತಿ ಸುಮಾರು 130, ಪುಟ್ಟ ಮಕ್ಕಳಲ್ಲಿ 350ರ ಆಸುಪಾಸಿನವರೆಗೂ ಸಹಜ. ಹಾಗಾಗಿ ಆ ಯಂತ್ರ ಪ್ರತಿಯೊಂದು ಮಗುವಿಗೂ ಹೆಚ್ಚು ಎಂದೇ ಗುರುತು ಹಾಕುತ್ತದೆ, ನೋಡುವವರ ಕಣ್ಣು ಆ ಗುರುತನ್ನು ಕಡೆಗಣಿಸಲು ಕಲಿತುಬಿಡುತ್ತದೆ. ನಿಜವಾದ 1,020 ಬಂದ ದಿನವೂ ಅದು ಹಾಗೆಯೇ ಜಾರಿಹೋಗುತ್ತದೆ. ಮಕ್ಕಳ ವಯಸ್ಸಿಗೆ ತಕ್ಕ ಮಿತಿಯನ್ನು ವರದಿಯಲ್ಲಿ ಅಚ್ಚು ಹಾಕಿಸುವಂತೆ ಪ್ರಯೋಗಾಲಯದವರನ್ನು ಕೇಳಿ. ಅವರಿಂದ ಆಗದಿದ್ದರೆ ನಿಮ್ಮ ಮೇಜಿನ ಗಾಜಿನ ಕೆಳಗೆ ಒಂದು ಪಟ್ಟಿ ಇಟ್ಟುಕೊಳ್ಳಿ. ಈ ಬರಹದಿಂದ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ.

ರಕ್ತ ತೆಗೆದ ರೀತಿಯಿಂದಲೂ ಅಂಕಿ ಕೆಡುತ್ತದೆ. ಹಳ್ಳಿಯ ಕಡೆ ಬೆಳಿಗ್ಗೆ ತೆಗೆದ ರಕ್ತ ಸೀರಂ ಬೇರ್ಪಡಿಸದೆ ಬಿಸಿಲಲ್ಲಿ ಮಧ್ಯಾಹ್ನದ ಹೊತ್ತಿಗೆ ಮೈಸೂರು ಸೇರಿದರೆ, ಕೆಂಪು ಕಣಗಳೊಳಗಿನ ಫಾಸ್ಫೇಟ್ ಹೊರಕ್ಕೆ ಬಂದು ಅಂಕಿ ಏರಿರುತ್ತದೆ. ಕಣಗಳು ಒಡೆದು ಸೀರಂ ಕೆಂಪಾಗಿದ್ದರೂ ಹಾಗೆಯೇ. ಇದು ಅಪಾಯದ ದೋಷ, ಏಕೆಂದರೆ ಇಳಿದ ಫಾಸ್ಫೇಟ್ ಸಹಜದಂತೆ ಕಾಣುತ್ತದೆ. ಊಟವಾದ ಕೂಡಲೇ ತೆಗೆದ ರಕ್ತದಲ್ಲಿ ಫಾಸ್ಫೇಟ್ ಏರುಪೇರಾಗುವುದರಿಂದ ಬೆಳಗಿನ ಖಾಲಿ ಹೊಟ್ಟೆಯ ರಕ್ತವೇ ಬೇಕು. ಇನ್ನೊಂದು, ನೇರಳೆ ಮುಚ್ಚಳದ ಇಡಿಟಿಎ ಕೊಳವೆಯ ರಕ್ತ ತಪ್ಪಿ ಇದಕ್ಕೆ ಬೆರೆತರೆ ಕ್ಯಾಲ್ಸಿಯಂ ಪಾತಾಳಕ್ಕಿಳಿಯುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಕೂಡ ಇಳಿಯುತ್ತದೆ, ಪೊಟ್ಯಾಸಿಯಂ ನಂಬಲಾಗದಷ್ಟು ಏರುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ಔಷಧಿ ಬರೆಯಬೇಡಿ, ಇನ್ನೊಮ್ಮೆ ರಕ್ತ ತೆಗೆಸಿ. ಅಲ್ಬುಮಿನ್ ಕಡಿಮೆ ಇರುವ ಮಗುವಿನಲ್ಲಿ ಒಟ್ಟು ಕ್ಯಾಲ್ಸಿಯಂ ಕಡಿಮೆ ತೋರುತ್ತದೆ. ಅಲ್ಬುಮಿನ್ 4ಕ್ಕಿಂತ ಎಷ್ಟು ಇಳಿದಿದೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಿದರೆ ಸರಿಸುಮಾರು ನಿಜದ ಮಟ್ಟ ಸಿಗುತ್ತದೆ.

ನಾವು ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ರಕ್ತ ತೆಗೆಸಿದೆವು. ಅಂಕಿಗಳು ಬದಲಾಗಲಿಲ್ಲ.

ಕ್ಯಾಲ್ಸಿಯಂ ಸಹಜ ಇದ್ದರೆ ಏನೂ ಗೊತ್ತಾಗುವುದಿಲ್ಲ

ಕ್ಯಾಲ್ಸಿಯಂ ಸಹಜ, ಫಾಸ್ಫೇಟ್ ಕಡಿಮೆ, ಆಲ್ಕಲೈನ್ ಫಾಸ್ಫಟೇಸ್ ಹೆಚ್ಚು. ಈ ಮೂರರ ಕೂಟ ಎರಡು ಬೇರೆ ಬೇರೆ ರೋಗಗಳಲ್ಲಿ ಒಂದೇ ರೀತಿ ಕಾಣುತ್ತದೆ. ಯಾಕೆ ಎಂದು ತಿಳಿದುಕೊಂಡರೆ ಮುಂದಿನ ಹೆಜ್ಜೆ ತಾನಾಗಿಯೇ ಹೊಳೆಯುತ್ತದೆ.

ವಿಟಮಿನ್ ಡಿ ಅಥವಾ ಆಹಾರದ ಕ್ಯಾಲ್ಸಿಯಂ ಕಡಿಮೆಯಾದರೆ ಮೊದಲಿಗೆ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ಆ ಹಂತ ಬಹಳ ದಿನ ಇರುವುದಿಲ್ಲ. ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು ಪಿಟಿಎಚ್ ಹಾರ್ಮೋನನ್ನು ಸುರಿಸುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತದ ಮಟ್ಟವನ್ನು ಸರಿಮಾಡುತ್ತದೆ, ಜೊತೆಗೆ ಮೂತ್ರಪಿಂಡದಿಂದ ಫಾಸ್ಫೇಟನ್ನು ಹೊರಹಾಕಿಸುತ್ತದೆ. ಈ ಎರಡನೇ ಹಂತದಲ್ಲಿ ರಕ್ತ ತೆಗೆದರೆ ಕ್ಯಾಲ್ಸಿಯಂ ಸಹಜ, ಫಾಸ್ಫೇಟ್ ಕಡಿಮೆ. ಕೊರತೆ ಇನ್ನೂ ಮುಂದುವರಿದರೆ ಮೂರನೇ ಹಂತದಲ್ಲಿ ಎರಡೂ ಕುಸಿಯುತ್ತವೆ. ಮಕ್ಕಳು ಹೆಚ್ಚಾಗಿ ನಮ್ಮ ಮುಂದೆ ಬರುವುದು ಎರಡನೇ ಹಂತದಲ್ಲೇ.

ಎರಡನೆಯ ಗುಂಪಿನಲ್ಲಿ ಕ್ಯಾಲ್ಸಿಯಂಗೆ ಯಾವ ತೊಂದರೆಯೂ ಇಲ್ಲ. ಮೂತ್ರಪಿಂಡವೇ ಫಾಸ್ಫೇಟನ್ನು ಹಿಡಿದಿಡಲಾರದು. ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ಮಂಡ್ಯದ ರೈತ ಮೊದಲು ಕೇಳುವುದು, ಅಣೆಕಟ್ಟೆಯಿಂದ ನೀರು ಬಿಟ್ಟೇ ಇಲ್ಲವೋ, ಬಿಟ್ಟ ನೀರು ನಡುವೆ ಸೋರಿಹೋಗುತ್ತಿದೆಯೋ ಎಂದು. ಇಲ್ಲಿಯೂ ಕೇಳಬೇಕಾದದ್ದು ಅದೇ. ಎರಡೂ ದಾರಿಯಲ್ಲಿ ಕೊನೆಗೆ ಬತ್ತುವುದು ಫಾಸ್ಫೇಟ್. ಮೂಳೆಯ ಬೆಳವಣಿಗೆ ಫಲಕದಲ್ಲಿ ಊದಿದ ಮೃದ್ವಸ್ಥಿ ಕೋಶಗಳು ತಮ್ಮ ಕೆಲಸ ಮುಗಿಸಿ ಸಾಯಬೇಕು, ಆ ಜಾಗಕ್ಕೆ ಮೂಳೆ ಬರಬೇಕು. ಹಾಗೆ ಸಾಯಲು ಅವಕ್ಕೆ ಫಾಸ್ಫೇಟ್ ಬೇಕು. ಅದಿಲ್ಲದೆ ಕೋಶಗಳು ಸಾಯದೆ ರಾಶಿ ಬೀಳುತ್ತವೆ, ಫಲಕ ದಪ್ಪವಾಗುತ್ತದೆ. ಎರಡೂ ರೋಗಗಳ ಎಕ್ಸ್-ರೇ ಒಂದರಂತೆ ಇನ್ನೊಂದು ಇರುವುದು ಇದರಿಂದಲೇ.

ಇವೆರಡನ್ನು ಬೇರ್ಪಡಿಸುವುದು ಪಿಟಿಎಚ್. ಕ್ಯಾಲ್ಸಿಯಂ ಕೊರತೆಯ ಗುಂಪಿನಲ್ಲಿ ಅದು ಸಹಜಕ್ಕಿಂತ ಹಲವು ಪಟ್ಟು ಏರಿರುತ್ತದೆ. ಫಾಸ್ಫೇಟ್ ಸೋರುವ ಗುಂಪಿನಲ್ಲಿ ಸಹಜವಾಗಿರುತ್ತದೆ, ಇಲ್ಲವೇ ತುಸು ಹೆಚ್ಚಿರುತ್ತದೆ. ನಮ್ಮ ಹುಡುಗನದು 58, ಆ ಪ್ರಯೋಗಾಲಯದ ಮಿತಿ 15ರಿಂದ 65.

ಪಿಟಿಎಚ್ ಹಲವು ಪಟ್ಟು ಹೆಚ್ಚಿದ್ದರೆ ಏನು ಮಾಡಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಲೆಕ್ಕಕ್ಕೆ ಅಂಥ ಮಕ್ಕಳೇ ಹೆಚ್ಚು. ಅವರಲ್ಲಿ ಚಿಕಿತ್ಸೆ ನಾಟದಿರಲು ಮೊದಲ ಕಾರಣ, ವಿಟಮಿನ್ ಡಿ ಜೊತೆ ಕ್ಯಾಲ್ಸಿಯಂ ಕೊಡದೆ ಇರುವುದು. ಆಹಾರ, ಔಷಧಿ ಎರಡೂ ಸೇರಿ ದಿನಕ್ಕೆ ಕನಿಷ್ಠ 500 ಮಿ.ಗ್ರಾಂ ಕ್ಯಾಲ್ಸಿಯಂ ಸಿಗಬೇಕು. ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿ.ಗ್ರಾಂ ಇದೆ, ನಮ್ಮ ಭಾಗದ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ರಾಗಿಯ ಫೈಟೇಟ್ ಅದರಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಗು ಕುಡಿಯುವ ತೆಳ್ಳನೆಯ ಅಂಬಲಿಯಲ್ಲಿ ಎಷ್ಟು ಹಿಟ್ಟಿದೆ ಎಂದೂ ಕೇಳಬೇಕು. ರಾಗಿ ಸರಿ ಬಿಡಿಸಿ ಟೀಗೆ ಬಿಸ್ಕತ್ತು ಅದ್ದಿ ತಿನ್ನಿಸುತ್ತಿರುವ ಮನೆಗಳು ಈಗ ಕಡಿಮೆಯೇನಿಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಎರಡನ್ನೂ ಸರಿಯಾಗಿ ಕೊಟ್ಟ ಮೇಲೂ ಪಿಟಿಎಚ್ ಇಳಿಯದಿದ್ದರೆ ಆಗ ವಿಟಮಿನ್ ಡಿಯನ್ನು ಚುರುಕುಗೊಳಿಸುವ ಕಿಣ್ವದ ದೋಷ, ಅದನ್ನು ಗ್ರಹಿಸುವ ರಿಸೆಪ್ಟರಿನ ದೋಷ ಇವುಗಳ ಕಡೆ ತಿರುಗಬೇಕು. ಎರಡನೆಯದರಲ್ಲಿ ಕೆಲವು ಮಕ್ಕಳಿಗೆ ತಲೆಗೂದಲೇ ಇರುವುದಿಲ್ಲ.

ಸೋರಿಕೆಯನ್ನು ಅಳೆಯುವುದು

ಪಿಟಿಎಚ್ ಸಹಜ ಎಂದ ಮೇಲೆ ಮೂತ್ರ ನೋಡಬೇಕು. 24 ಗಂಟೆಯ ಮೂತ್ರ ಕೂಡಿಡುವ ಅಗತ್ಯವಿಲ್ಲ, ಮೂರು ವರ್ಷದ ಮಗುವಿನಲ್ಲಿ ಅದು ಆಗುವ ಕೆಲಸವೂ ಅಲ್ಲ. ಬೆಳಿಗ್ಗೆ ಎದ್ದು ಮಾಡುವ ಮೊದಲ ಮೂತ್ರವನ್ನು ಬಿಟ್ಟು, ಏನೂ ತಿನ್ನಿಸದೆ, ಎರಡನೆಯದನ್ನು ಹಿಡಿಯಿರಿ. ಅದೇ ಹೊತ್ತಿಗೆ ರಕ್ತವನ್ನೂ ತೆಗೆಯಿರಿ. ಎರಡರಲ್ಲೂ ಫಾಸ್ಫೇಟ್, ಕ್ರಿಯಾಟಿನಿನ್ ಅಳೆಸಿದರೆ ಸಾಕು. ನಾಲ್ಕೂ ಅಂಕಿ ಒಂದೇ ಮಾನದಲ್ಲಿರಬೇಕು, ಇಲ್ಲಿ ಎಲ್ಲವೂ ಡೆಸಿಲೀಟರಿಗೆ ಮಿ.ಗ್ರಾಂ.

```
TmP/GFR = Sp - (Up x Scr / Ucr)
        = 2.6 - (42 x 0.3 / 22)
        = 2.6 - 0.57
        = 2.03 mg/dL
```

ಇಲ್ಲಿ `Sp` ರಕ್ತದ ಫಾಸ್ಫೇಟ್, `Up` ಮೂತ್ರದ ಫಾಸ್ಫೇಟ್, `Scr` ರಕ್ತದ ಕ್ರಿಯಾಟಿನಿನ್, `Ucr` ಮೂತ್ರದ ಕ್ರಿಯಾಟಿನಿನ್. ಬಂದ ಉತ್ತರ ಹೇಳುವುದು, ರಕ್ತದಲ್ಲಿ ಎಷ್ಟು ಫಾಸ್ಫೇಟ್ ಇರುವ ತನಕ ಮೂತ್ರಪಿಂಡ ಅದನ್ನು ಹಿಡಿದಿಡಬಲ್ಲದು ಎಂಬುದನ್ನು. ಈ ವಯಸ್ಸಿನಲ್ಲಿ ಅದು ಮೂರೂವರೆಗಿಂತ ಮೇಲಿರಬೇಕು. ಇವನದು ಎರಡಕ್ಕೇ ನಿಂತಿದೆ. ಮೇಲಿನಿಂದ ಎಷ್ಟು ಸುರಿದರೂ ಎರಡರ ಆಚೆಗಿನದು ಮೂತ್ರಕ್ಕೆ ಹೋಗುತ್ತದೆ.

ಇದೇ ನಾಲ್ಕು ಅಂಕಿಗಳಿಂದ ಶೇಕಡಾವಾರು ಲೆಕ್ಕವನ್ನೂ ಮಾಡುತ್ತಾರೆ. ಈ ಹುಡುಗನ ಮೂತ್ರಪಿಂಡ ಫಾಸ್ಫೇಟಿನ 78 ಭಾಗವನ್ನು ಮರಳಿ ಹೀರುತ್ತಿತ್ತು. ಸಹಜ ಎಂದರೆ 85ರಿಂದ 95. ಸ್ವಲ್ಪ ತಾನೇ ಕಡಿಮೆ ಎನ್ನಿಸಬಹುದು. ರಕ್ತದ ಫಾಸ್ಫೇಟ್ 2.6ಕ್ಕೆ ಇಳಿದಿರುವಾಗ ಆರೋಗ್ಯವಂತ ಮೂತ್ರಪಿಂಡ ಒಂದು ಹನಿಯನ್ನೂ ಬಿಡದೆ ಹಿಡಿಯಬೇಕಿತ್ತು ಎಂಬುದನ್ನು ಮರೆತರೆ ಮಾತ್ರ ಹಾಗೆ ಅನ್ನಿಸುತ್ತದೆ.

ಈ ಲೆಕ್ಕಕ್ಕೆ ಒಂದು ಗಡಿಯಿದೆ. ಪಿಟಿಎಚ್ ಹೆಚ್ಚಿರುವ ಮಗುವಿನಲ್ಲಿ ಇದನ್ನು ಮಾಡಿದರೂ ಉತ್ತರ ಕಡಿಮೆಯೇ ಬರುತ್ತದೆ, ಏಕೆಂದರೆ ಅಲ್ಲಿ ಪಿಟಿಎಚ್ ತಾನೇ ಫಾಸ್ಫೇಟನ್ನು ಹೊರಹಾಕಿಸುತ್ತಿರುತ್ತದೆ. ಅಂಥವರಲ್ಲಿ ಮೊದಲು ಕೊರತೆ ತುಂಬಿ, ಪಿಟಿಎಚ್ ಇಳಿದ ಮೇಲೆ ಲೆಕ್ಕ ಹಾಕಿ.

ಸೋರಿಕೆ ಖಚಿತವಾದರೆ ಫಾಸ್ಫೇಟ್ ಒಂದೇ ಸೋರುತ್ತಿದೆಯೋ, ಅದರ ಜೊತೆ ಬೇರೆಯವೂ ಹೋಗುತ್ತಿವೆಯೋ ನೋಡಿ. ರಕ್ತದ ಸಕ್ಕರೆ ಸಹಜವಿದ್ದೂ ಮೂತ್ರದಲ್ಲಿ ಸಕ್ಕರೆ, ಪ್ರೋಟೀನು ಕಂಡರೆ ಅದು ಫ್ಯಾಂಕೋನಿ ದೋಷ. ಬೈಕಾರ್ಬೊನೇಟ್ ಇಳಿದು, ಕ್ಲೋರೈಡ್ ಏರಿ, ಪೊಟ್ಯಾಸಿಯಂ ಕಡಿಮೆಯಾಗಿ, ಅಷ್ಟು ಆಮ್ಲವಿದ್ದರೂ ಮೂತ್ರದ ಪಿಎಚ್ 5.5ಕ್ಕಿಂತ ಮೇಲೆಯೇ ಇದ್ದರೆ ಮೂತ್ರನಾಳಿಕೆಗಳ ಆಮ್ಲ ದೋಷ, ಎಂದರೆ ಆರ್‌ಟಿಎ. ನಮ್ಮ ದೇಶದಲ್ಲಿ ವಿಟಮಿನ್ ಡಿಗೆ ಬಗ್ಗದ ರಿಕೆಟ್ಸ್ ಎಂದಾಗ ಆರ್‌ಟಿಎಯನ್ನು ಬಿಟ್ಟು ಮುಂದೆ ಹೋಗಬಾರದು. ಅದಕ್ಕೆ ಕ್ಷಾರದ ದ್ರಾವಣವೇ ಮದ್ದು, ಅದರಿಂದ ಮೂಳೆ ಚೆನ್ನಾಗಿ ಮಾಗುತ್ತದೆ. ಕ್ರಿಯಾಟಿನಿನ್ ಹೆಚ್ಚಿದ್ದು ಫಾಸ್ಫೇಟೂ ಹೆಚ್ಚಿದ್ದರೆ ಮೂತ್ರಪಿಂಡವೇ ಸೋತಿದೆ, ಅದು ಬೇರೆಯೇ ದಾರಿ. ನಮ್ಮ ಹುಡುಗನ ಬೈಕಾರ್ಬೊನೇಟ್ 23, ಮೂತ್ರದಲ್ಲಿ ಸಕ್ಕರೆಯಿಲ್ಲ. ಸೋರುತ್ತಿದ್ದದ್ದು ಫಾಸ್ಫೇಟ್ ಒಂದೇ.

ಎಕ್ಸ್-ರೇ: ಯಾವ ಕೀಲು, ಏನನ್ನು ನೋಡಬೇಕು

ನಡೆಯದ ಕೂಸಿಗೆ ಮಣಿಕಟ್ಟು, ನಡೆಯುವ ಮಗುವಿಗೆ ಮಂಡಿ. ವೇಗವಾಗಿ ಬೆಳೆಯುವ ತುದಿಗಳಲ್ಲೇ ರೋಗ ಮೊದಲು ಕಾಣುವುದು, ಮಣಿಕಟ್ಟಿನಲ್ಲಿ ಅಲ್ನಾ ಮೂಳೆಯ ತುದಿ, ಮಂಡಿಯಲ್ಲಿ ತೊಡೆಮೂಳೆಯ ಕೆಳತುದಿ. ಮೊದಲು ಬೆಳವಣಿಗೆ ಫಲಕದ ಅಗಲ ನೋಡಿ. ಆಮೇಲೆ ಅದಕ್ಕೆ ತಾಗಿದ ಮೂಳೆಯ ಅಂಚು ನೋಡಿ. ಸಹಜವಾಗಿ ಅಲ್ಲೊಂದು ಚೊಕ್ಕ ಬಿಳಿ ಗೆರೆ ಇರುತ್ತದೆ. ರಿಕೆಟ್ಸ್‌ನಲ್ಲಿ ಆ ಗೆರೆ ಮಾಯವಾಗಿ ಅಂಚು ಎಳೆ ಬಿಟ್ಟಂತೆ ಕುಚ್ಚಾಗುತ್ತದೆ, ಬಟ್ಟಲಿನಂತೆ ಒಳಗೆ ತಗ್ಗುತ್ತದೆ, ಅಕ್ಕಪಕ್ಕಕ್ಕೆ ಹರಡುತ್ತದೆ.

ಎರಡು ಗುಂಪುಗಳ ನಡುವಿನ ವ್ಯತ್ಯಾಸ ಉಳಿದ ಮೂಳೆಯಲ್ಲಿ ಸಿಗುತ್ತದೆ. ಪಿಟಿಎಚ್ ಏರಿದ ಮಗುವಿನಲ್ಲಿ ಇಡೀ ಮೂಳೆ ಮಸುಕು, ಹೊರಗೋಡೆ ತೆಳು. ಫಾಸ್ಫೇಟ್ ಸೋರುವ ಮಗುವಿನಲ್ಲಿ ಮೂಳೆಯ ಸಾಂದ್ರತೆ ಹೆಚ್ಚೂ ಕಡಿಮೆ ಉಳಿದಿರುತ್ತದೆ, ಒಳಗಿನ ಜಾಲ ಒರಟಾಗಿ ಕಾಣುತ್ತದೆ, ಮಣಿಕಟ್ಟಿಗಿಂತ ಮಂಡಿ ಹೆಚ್ಚು ಕೆಟ್ಟಿರುತ್ತದೆ. ಇವನ ಚಿತ್ರ ಹಾಗೆಯೇ ಇತ್ತು, ಮಂಡಿಯ ಒಳಬದಿ ತೀರಾ ಕುಚ್ಚಾಗಿ, ತೊಡೆಮೂಳೆಯ ಗೋಡೆ ಮಾತ್ರ ಗಟ್ಟಿಯಾಗಿ. ಆದರೆ ಇದು ಸುಳಿವು ಮಾತ್ರ, ಇದನ್ನೇ ನೆಚ್ಚಿ ತೀರ್ಪು ಕೊಡುವಂತಿಲ್ಲ.

ಚಿತ್ರ ರಿಕೆಟ್ಸ್‌ನಂತಿದ್ದು ಆಲ್ಕಲೈನ್ ಫಾಸ್ಫಟೇಸ್ ಹೆಚ್ಚದಿದ್ದರೆ ಅಲ್ಲಿಗೇ ನಿಲ್ಲಿ. ವಯಸ್ಸಿನ ಮಿತಿಗಿಂತ ಅದು ಕಡಿಮೆಯಿದ್ದು, ಹಾಲುಹಲ್ಲುಗಳು ಬೇರು ಸಮೇತ ಬೇಗ ಉದುರಿದ್ದರೆ ಹೈಪೋಫಾಸ್ಫಟೇಸಿಯಾ ಇರಬಹುದು. ಅಂಥ ಮಗುವಿನ ಕ್ಯಾಲ್ಸಿಯಂ ಮೊದಲೇ ಹೆಚ್ಚಿರಬಹುದು, ಅದರ ಮೇಲೆ ವಿಟಮಿನ್ ಡಿ ಸುರಿದರೆ ಕೇಡಾಗುತ್ತದೆ. ಎಲ್ಲ ಅಂಕಿಗಳೂ ವಯಸ್ಸಿಗೆ ತಕ್ಕಂತೆ ಸಹಜವಿದ್ದರೆ ಮೆಟಾಫಿಸಿಯಲ್ ಕಾಂಡ್ರೋಡಿಸ್‌ಪ್ಲೇಸಿಯಾ ಎಂಬ ಹುಟ್ಟುದೋಷವನ್ನು ನೆನೆಯಿರಿ.

ತಾಯಿಯ ಕಾಲು ನೋಡಿದಾಗ

ಅಜ್ಜಿ ಎಂದೆನಲ್ಲ, ಅವರು ತಾಯಿಯ ತಾಯಿ. "ಮಗಳ ಕಾಲೂ ಹಿಂಗೇ ಇದ್ದೊ ಕಣವ್ವ, ದೊಡ್ಡೋಳಾದಂಗೆ ಒಸಿ ಸರೋದೊ" ಎಂದರು. ತಾಯಿಯನ್ನು ನಿಲ್ಲಿಸಿ ನೋಡಿದೆವು. ಎತ್ತರ 142 ಸೆಂ.ಮೀ., ಕಾಲು ಬಾಗಿವೆ. ಹುಳುಕಿಲ್ಲದ ಹಲ್ಲುಗಳಿಗೂ ಎರಡು ಮೂರು ಬಾರಿ ಕೀವಾಗಿದೆ. ತೊಡೆ ನೋವೆಂದು ವರ್ಷಗಳಿಂದ ನೋವಿನ ಮಾತ್ರೆ ನುಂಗುತ್ತಿದ್ದಾರೆ. "ಗದ್ದೆ ನಾಟಿಗೆ ಬಗ್ಗಿದ್ರೆ ಏಳಾಕೆ ಆಗಕಿಲ್ಲ ಮೇಡಂ" ಎಂದರು.

ಅವರ ಫಾಸ್ಫೇಟ್ 1.8. ಇದು ದೊಡ್ಡವರ ಮಿತಿಗೂ ಕಡಿಮೆ. ಆಲ್ಕಲೈನ್ ಫಾಸ್ಫಟೇಸ್ 148, ಮಗನ ಸಾವಿರದ ಮುಂದೆ ಏನೂ ಅಲ್ಲ. ರೋಗ ಒಂದೇ, ಆದರೆ ಬೆಳವಣಿಗೆ ಫಲಕ ಮುಚ್ಚಿದ ಮೇಲೆ ರಿಕೆಟ್ಸ್ ಆಗಲು ಜಾಗವೇ ಉಳಿಯುವುದಿಲ್ಲ. ಹಳೆ ಮೂಳೆಯ ಜಾಗದಲ್ಲಿ ಹೊಸದಾಗಿ ಕಟ್ಟುವ ಮೂಳೆಗೆ ಖನಿಜ ತುಂಬದೆ ಅದು ಮೆತ್ತಗೇ ಉಳಿಯುತ್ತದೆ. ಇದೇ ಆಸ್ಟಿಯೋಮಲೇಸಿಯಾ. ಆದ್ದರಿಂದ ದೊಡ್ಡವರಲ್ಲಿ ಆಲ್ಕಲೈನ್ ಫಾಸ್ಫಟೇಸ್ ಸ್ವಲ್ಪವೇ ಏರಿದ್ದರೂ ಅದನ್ನು ಕಡೆಗಣಿಸಬಾರದು. ಎಕ್ಸ್-ರೇಯಲ್ಲಿ ಹುಡುಕಬೇಕಾದದ್ದು ಲೂಸರ್ ಗೆರೆ: ಮೂಳೆಯ ಹೊರಗೋಡೆಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ, ಅಂಚುಗಳಲ್ಲಿ ತುಸು ಬಿಳುಪು, ಎಷ್ಟೋ ಬಾರಿ ಎರಡೂ ಕಡೆ ಒಂದೇ ಜಾಗದಲ್ಲಿ. ತೊಡೆಮೂಳೆಯ ಕತ್ತಿನ ಒಳಬದಿ, ಸೊಂಟದ ಮುಂದಿನ ಪ್ಯೂಬಿಕ್ ಮೂಳೆ, ಹೆಗಲ ಹಲಗೆಯ ಹೊರ ಅಂಚು ಇದರ ತಾಣಗಳು. ಸೊಂಟದ ಎಕ್ಸ್-ರೇಯಲ್ಲಿ ತಾಯಿಯ ಎರಡೂ ತೊಡೆಮೂಳೆಗಳಲ್ಲಿ ಅದು ಸಿಕ್ಕಿತು. ಬೆನ್ನಿನ ಎಕ್ಸ್-ರೇ ಮಾತ್ರ ತೆಗೆಸುತ್ತಿದ್ದುದರಿಂದ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇಂಥವರಿಗೆ ಮೂಳೆ ಸವೆತ ಎಂದು ಬಿಸ್ಫಾಸ್ಫೊನೇಟ್ ಕೊಟ್ಟುಬಿಡುವುದು ದೊಡ್ಡ ಅಪಾಯ. ಬರಿಯ ಆಸ್ಟಿಯೋಪೊರೋಸಿಸ್‌ನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್ ಮೂರೂ ಸಹಜವಿರುತ್ತವೆ. ಒಂದು ಕೆಟ್ಟಿದ್ದರೂ ಆ ಔಷಧಿಗೆ ಮೊದಲು ಕಾರಣ ಹುಡುಕಿ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದೆ ದೊಡ್ಡ ವಯಸ್ಸಿನಲ್ಲಿ ಹೊಸದಾಗಿ ಫಾಸ್ಫೇಟ್ ಇಳಿದಿದ್ದರೆ ಟೆನೊಫೊವಿರ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ, ರಕ್ತಹೀನತೆಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಡ್ರಿಪ್ ಹಾಕಿಸಿಕೊಂಡಿದ್ದರೇ ಎಂದು ಕೇಳಿ. ಎರಡೂ ಫಾಸ್ಫೇಟನ್ನು ಸೋರಿಸುತ್ತವೆ. ಯಾವುದೂ ಅಲ್ಲವೆಂದಾದರೆ ದೇಹದಲ್ಲಿ ಎಲ್ಲೋ ಅಡಗಿ ಎಫ್‌ಜಿಎಫ್23 ಹಾರ್ಮೋನು ಸುರಿಸುವ ಸಣ್ಣ ಗೆಡ್ಡೆಯನ್ನು ಹುಡುಕಬೇಕಾಗುತ್ತದೆ.

ತಾಯಿ ಮಗ ಇಬ್ಬರಿಗೂ ಇದ್ದದ್ದು ಎಕ್ಸ್ ವರ್ಣತಂತುವಿನ ಫೆಕ್ಸ್ ವಂಶವಾಹಿಯ ದೋಷದಿಂದ ಬರುವ ಹೈಪೋಫಾಸ್ಫಟೀಮಿಯಾ, ಎಕ್ಸ್‌ಎಲ್‌ಎಚ್. ಇದರಲ್ಲಿ ಎಫ್‌ಜಿಎಫ್23 ಹೆಚ್ಚಾಗಿ ಎರಡು ಹಾನಿ ಮಾಡುತ್ತದೆ. ಫಾಸ್ಫೇಟನ್ನು ಮೂತ್ರಕ್ಕೆ ಬಿಡಿಸುತ್ತದೆ, ವಿಟಮಿನ್ ಡಿ ಚುರುಕಿನ ರೂಪಕ್ಕೆ ಬದಲಾಗುವುದನ್ನೂ ತಡೆಯುತ್ತದೆ. ಪುಡಿ ಎಷ್ಟು ಕುಡಿಸಿದರೂ ಕಾಲು ನೆಟ್ಟಗಾಗದಿದ್ದುದು ಇದರಿಂದಲೇ.

ರಿಪೇರಿ ಮತ್ತು ಅದು ನಾಟಿದೆಯೇ ಎಂದು ನೋಡುವುದು

ಬಾಯಿಂದ ಫಾಸ್ಫೇಟ್, ಜೊತೆಗೆ ಕ್ಯಾಲ್ಸಿಟ್ರಯಾಲ್. ಫಾಸ್ಫೇಟ್ ಕಿಲೋಗೆ ದಿನಕ್ಕೆ 20ರಿಂದ 60 ಮಿ.ಗ್ರಾಂ. ಜೌಲಿ ದ್ರಾವಣದ ಒಂದು ಮಿ.ಲೀ.ನಲ್ಲಿ ಸುಮಾರು 30 ಮಿ.ಗ್ರಾಂ ಇರುತ್ತದೆ. 12 ಕಿಲೋದ ಹುಡುಗನಿಗೆ ಕಿಲೋಗೆ 40ರಂತೆ 480 ಮಿ.ಗ್ರಾಂ, ಎಂದರೆ ದಿನಕ್ಕೆ 16 ಮಿ.ಲೀ. ಇದನ್ನು ಐದು ಪಾಲು ಮಾಡಿ ದಿನವಿಡೀ ಹಂಚಬೇಕು. ಕುಡಿದ ಫಾಸ್ಫೇಟ್ ಕೆಲವೇ ಗಂಟೆಗಳಲ್ಲಿ ಸೋರಿಹೋಗುವುದರಿಂದ ಬೆಳಿಗ್ಗೆ ರಾತ್ರಿ ಎರಡೇ ಹೊತ್ತು ಕೊಟ್ಟರೆ ಉಪಯೋಗವಿಲ್ಲ. ಒಮ್ಮೆಲೇ ಪೂರ್ತಿ ಪ್ರಮಾಣ ಕೊಟ್ಟರೆ ಭೇದಿಯಾಗುತ್ತದೆ, ಅರ್ಧದಿಂದ ಆರಂಭಿಸಿ. ಹಾಲಿನ ಜೊತೆ ಕೊಡಬೇಡಿ, ಕ್ಯಾಲ್ಸಿಯಂ ಅದನ್ನು ಕರುಳಲ್ಲೇ ಕಟ್ಟಿಹಾಕುತ್ತದೆ. ಕ್ಯಾಲ್ಸಿಟ್ರಯಾಲ್ ಕಿಲೋಗೆ ದಿನಕ್ಕೆ 20ರಿಂದ 30 ನ್ಯಾನೋಗ್ರಾಂ. ಅದಿಲ್ಲದೆ ಫಾಸ್ಫೇಟ್ ಒಂದನ್ನೇ ಕೊಟ್ಟರೆ ಪಿಟಿಎಚ್ ಏರಿ ಸೋರಿಕೆ ಇನ್ನೂ ಹೆಚ್ಚುತ್ತದೆ. ಎಫ್‌ಜಿಎಫ್23ನ್ನೇ ತಡೆಯುವ ಬುರೋಸುಮ್ಯಾಬ್ ಚುಚ್ಚುಮದ್ದಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಮೂಲಕ್ಕೇ ಕೈಹಾಕುವ ಮದ್ದು, ಆದರೆ ಅದರ ಬೆಲೆ ಈ ಮನೆಯವರ ಕೈಗೆಟುಕುವಂಥದ್ದಲ್ಲ.

ಚಿಕಿತ್ಸೆ ನಡೆಯುವಾಗ ಬೆಳಗಿನ ಫಾಸ್ಫೇಟ್ ಸಹಜಕ್ಕೆ ಬರಲಿಲ್ಲವೆಂದು ಪ್ರಮಾಣ ಏರಿಸುತ್ತಾ ಹೋಗುವುದು ಇಲ್ಲಿ ಎಲ್ಲರೂ ಎಡವುವ ಜಾಗ. ಅದು ಸಹಜಕ್ಕೆ ಬರಬೇಕಾಗಿಲ್ಲ. ನೋಡಬೇಕಾದದ್ದು ಆಲ್ಕಲೈನ್ ಫಾಸ್ಫಟೇಸ್ ಇಳಿಕೆ, ಎಕ್ಸ್-ರೇಯಲ್ಲಿ ಬಿಳಿ ಗೆರೆ ಮರಳುವುದು, ಎತ್ತರ, ಮಂಡಿಗಳ ಅಂತರ. ಪ್ರಮಾಣ ಮೀರಿದರೆ ಪಿಟಿಎಚ್ ಏರುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ. ಅದಕ್ಕಾಗಿ ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ, ಆಗಾಗ ಕಿಡ್ನಿಯ ಸ್ಕ್ಯಾನ್. ಆಹಾರ ಕೊರತೆಯ ರಿಕೆಟ್ಸ್‌ನಲ್ಲಾದರೆ ಮೂರು ನಾಲ್ಕು ವಾರದಲ್ಲೇ ಬಿಳಿ ಗೆರೆ ಕಾಣತೊಡಗುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಇಳಿಯಲು ಮಾತ್ರ ತಿಂಗಳುಗಳು ಬೇಕು. ಎಕ್ಸ್‌ಎಲ್‌ಎಚ್‌ನಲ್ಲಿ ಎಲ್ಲವೂ ಇದಕ್ಕಿಂತ ನಿಧಾನ. ಈ ಹುಡುಗನ ಆಲ್ಕಲೈನ್ ಫಾಸ್ಫಟೇಸ್ ಆರು ತಿಂಗಳಿಗೆ 560ಕ್ಕೆ ಬಂತು, ಮಂಡಿಯ ಅಂಚು ಚೊಕ್ಕವಾಗತೊಡಗಿತ್ತು. ಬೆಳಗಿನ ಫಾಸ್ಫೇಟ್ ಆಗಲೂ 2.8.

ತಾಯಿ ಇನ್ನೊಂದು ಮಗುವಿನ ವಿಷಯ ಕೇಳಿದರು. ಅವರಿಂದ ಹುಟ್ಟುವ ಮಗು ಗಂಡಾದರೂ ಹೆಣ್ಣಾದರೂ ಈ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಫಾಸ್ಫೇಟ್ ಸಹಜವಾಗಿಯೇ ಇರಬಹುದು, ಹಾಗಾಗಿ ಒಂದು ಬಾರಿ ನೋಡಿ ರೋಗವಿಲ್ಲವೆಂದು ಕಳುಹಿಸಬಾರದು. ಕೂಸಿನ ವಯಸ್ಸಿನ ಮಿತಿಯನ್ನೇ ಇಟ್ಟುಕೊಂಡು ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್ ಎರಡನ್ನೂ ಮೊದಲ ವರ್ಷವಿಡೀ ಮತ್ತೆ ಮತ್ತೆ ನೋಡಿ, ಕೆಟ್ಟ ದಿನವೇ ಔಷಧಿ ಆರಂಭಿಸಿದರೆ ಕಾಲು ಬಾಗುವುದನ್ನು ಬಹುಮಟ್ಟಿಗೆ ತಡೆಯಬಹುದು.